ಹೂಳೆತ್ತುವ ಮುನ್ನ ಆರು ದೋಷಗಳನ್ನು ನೋಡಿ: ಸಣ್ಣ ನೀರಾವರಿ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಸಚಿವರೇ,

ಬಯಲುಸೀಮೆಯ ಕೆರೆಗಳ ಹೂಳೆತ್ತುವ ಕಾಮಗಾರಿಗಳಿಗೆ ನೀವು ಸಹಿ ಹಾಕುವ ಮುನ್ನ 1369ರ ಒಂದು ಶಾಸನವನ್ನು ನಿಮ್ಮ ಮುಂದಿಡಬೇಕಿದೆ. ವಿಜಯನಗರದ ಬುಕ್ಕರಾಯನ ಮಗ ಭಾಸ್ಕರ ಈಗಿನ ಕಡಪ ಜಿಲ್ಲೆಯ ಪೋರುಮಾಮಿಳ್ಳದಲ್ಲಿ ದೊಡ್ಡ ಕೆರೆಯೊಂದನ್ನು ಕಟ್ಟಿಸಿದ. ಸಾವಿರ ಆಳುಗಳು, ನೂರು ಬಂಡಿಗಳು, ಎರಡು ವರ್ಷದ ಕೆಲಸ. ಅದರ ಶಾಸನ ದಾನಧರ್ಮದ ಮಾತಿಗೇ ನಿಲ್ಲದೆ, ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಅಂಗಗಳನ್ನೂ ಕೆರೆಯನ್ನು ಕೆಡಿಸುವ ಆರು ದೋಷಗಳನ್ನೂ ಪಟ್ಟಿ ಮಾಡುತ್ತದೆ. ಏರಿ ಸೋರುವುದು, ಚೌಳು ನೆಲ, ಎರಡು ರಾಜ್ಯಗಳ ಗಡಿ, ಕೆರೆಯ ನಡುವೆ ದಿಬ್ಬ, ನೀರು ಕಡಿಮೆಯಿದ್ದು ನೆಲ ಹೆಚ್ಚು, ನೀರು ಹೆಚ್ಚಿದ್ದು ನೆಲ ಕಡಿಮೆ: ಇವೇ ಆ ಆರು. ಇವತ್ತಿನ ಹೂಳೆತ್ತುವ ರೀತಿ ಇವುಗಳಲ್ಲಿ ಕೆಲವನ್ನು ನಾವೇ ಹೊಸದಾಗಿ ತಂದುಕೊಳ್ಳುವಂತಿದೆ.

ನಡುವಿನ ದಿಬ್ಬದಿಂದಲೇ ಶುರು ಮಾಡೋಣ. ತೆಗೆದ ಹೂಳನ್ನು ಹೊರಗೆ ಸಾಗಿಸಲು ಖರ್ಚು ಜಾಸ್ತಿ. ಹಾಗಾಗಿ ಅದನ್ನು ಕೆರೆಯ ಮಧ್ಯದಲ್ಲೇ ಗುಡ್ಡೆ ಹಾಕಿ, ಹಕ್ಕಿಗಳಿಗೆ ನಡುಗಡ್ಡೆ ಎಂದು ಹೆಸರಿಡುತ್ತಾರೆ. ಆ ಗುಡ್ಡೆಯಷ್ಟು ಜಾಗದಲ್ಲಿ ನೀರು ನಿಲ್ಲುವುದಿಲ್ಲ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಅದರ ಮಣ್ಣು ಕರಗಿ, ತೆಗೆದ ಗುಂಡಿಗೇ ಮರಳಿ ಬೀಳುತ್ತದೆ. ಹಳೆಯ ವ್ಯವಸ್ಥೆಯಲ್ಲಿ ಹೂಳು ಕೆರೆಯೊಳಗೆ ಉಳಿಯುತ್ತಿರಲಿಲ್ಲ. ಬೇಸಿಗೆಯಲ್ಲಿ ರೈತರು ಗೋಡುಮಣ್ಣನ್ನು ಗಾಡಿಗಳಲ್ಲಿ ಹೊಲಕ್ಕೆ ಹೊಡೆಯುತ್ತಿದ್ದರು. ಹೂಳು ಹೊರುವ ಬಂಡಿಗಳ ಪಾಲನೆಗೆಂದೇ ಭೂಮಿ ದತ್ತಿ ಬಿಟ್ಟ ಶಾಸನಗಳು ನಮ್ಮಲ್ಲಿವೆ.

ಎಷ್ಟು ಆಳ ತೆಗೆಯಬೇಕು ಎನ್ನುವುದನ್ನು ತೂಬು ಹೇಳುತ್ತದೆ. ತೂಬಿನ ತಳಗಲ್ಲಿಗಿಂತ ಕೆಳಗೆ ನಿಂತ ನೀರು ಎಷ್ಟಿದ್ದರೂ ತಾನಾಗಿ ಕಾಲುವೆಗೆ ಹರಿಯುವುದಿಲ್ಲ. ದನಕರುಗಳಿಗೆ, ಮೀನಿಗೆ ಸ್ವಲ್ಪ ನೀರು ಉಳಿಯಲಿ ಎಂದು ಒಂದು ಕಡೆ ಗುಂಡಿ ಬಿಟ್ಟರೆ ಸರಿ. ಇಡೀ ಅಂಗಳವನ್ನು ಆ ಮಟ್ಟಕ್ಕಿಂತ ಕೆಳಗೆ ಬಗೆದರೆ ಅಚ್ಚುಕಟ್ಟಿಗೆ ಒಂದು ಕೊಡವೂ ಹೆಚ್ಚಾಗಿ ಸಿಗುವುದಿಲ್ಲ. ಜೊತೆಗೆ, ತಲೆಮಾರುಗಳಿಂದ ಕೂತ ಜೇಡಿಯ ಪದರ ಹರಿದು ಅಡಿಯ ಮರಳು, ಸುದ್ದೆ ತೆರೆದುಕೊಂಡರೆ ನೀರು ಬೇಗ ಇಂಗುತ್ತದೆ. ಕೆಳಗಿನ ಬಾವಿಗಳಿಗೆ ಅದರಿಂದ ಲಾಭವಾಗಬಹುದು, ಆದರೆ ತೂಬಿನ ನೀರನ್ನು ನಂಬಿ ನಾಟಿ ಮಾಡಿದವರ ಬೆಳೆ ತೆನೆ ಕಟ್ಟುವ ಹೊತ್ತಿಗೆ ಒಣಗುತ್ತದೆ.

ನಮಗೆ ಎಲ್ಲಕ್ಕಿಂತ ಹೆಚ್ಚು ಭಯವಿರುವುದು ಏರಿಯ ಬುಡದ ಬಗ್ಗೆ. ಮಣ್ಣು ಸಾಗಿಸುವ ದೂರ ಉಳಿಸಲು ಏರಿಯ ಪಕ್ಕದಲ್ಲೇ ಅಗೆಯುತ್ತಾರೆ. ಆಗ ಒಳಮೈಯ ಕಲ್ಲುಕಟ್ಟಣೆಗೆ ಆಸರೆ ತಪ್ಪುತ್ತದೆ, ನೀರು ಏರಿಯಡಿ ಜಿನುಗಿ ಹೊರಬರಲು ಹಾದಿಯೂ ಹತ್ತಿರವಾಗುತ್ತದೆ. ಕೆರೆ ತುಂಬಿದ ಮೇಲೆ ಹೊರಬುಡದಲ್ಲಿ ನಡೆದು ನೋಡಿದರೆ ಇದು ಗೊತ್ತಾಗುತ್ತದೆ. ಜಿನುಗುವ ನೀರು ತಿಳಿಯಾಗಿದ್ದು, ದಿನದಿಂದ ದಿನಕ್ಕೆ ಹೆಚ್ಚದಿದ್ದರೆ ಕಣ್ಣಿಟ್ಟಿದ್ದರೆ ಸಾಕು. ನೀರು ಕದಡಿದ್ದರೆ ಏರಿಯ ಒಳಗಿನ ಮಣ್ಣೇ ಹೊರಟಿದೆ ಎಂದರ್ಥ. ಆ ಹೊತ್ತಿಗೆ ತೂಬು ಎತ್ತಿ ಕೆರೆಯ ಮಟ್ಟ ಇಳಿಸಬೇಕು. ಸೋರುವಲ್ಲಿ ಮೊದಲು ಮರಳು, ಅದರ ಮೇಲೆ ಜಲ್ಲಿ, ಆಮೇಲೆ ಕಲ್ಲು ಹೇರಬೇಕು. ಜೇಡಿ ಮೆತ್ತಿ ಬಾಯಿ ಮುಚ್ಚಿದರೆ ನೀರು ಪಕ್ಕದಲ್ಲೇ ಇನ್ನೊಂದು ಬಾಯಿ ಮಾಡಿಕೊಳ್ಳುತ್ತದೆ. ಇದನ್ನೆಲ್ಲ ದಿನವೂ ನೋಡುತ್ತಿದ್ದವರು ನೀರಗಂಟಿಗಳು. ಅವರಿಲ್ಲದ ಕೆರೆಯಲ್ಲಿ ಏರಿ ಒಡೆದ ಮೇಲೇ ಸುದ್ದಿ ತಿಳಿಯುವುದು.

ನೀರಿಗೂ ನೆಲಕ್ಕೂ ತಾಳೆಯಾಗದ ದೋಷಕ್ಕೆ ಒಂದು ಲೆಕ್ಕ ಕೊಡುತ್ತೇವೆ. ಆವಿ, ಇಂಗುವಿಕೆ ಎಲ್ಲ ಕಳೆದು ಕಾಲುವೆಗೆ ಮೂರು ಲಕ್ಷ ಘನ ಮೀಟರ್ ಸಿಗುವ ಕೆರೆ ಎಂದುಕೊಳ್ಳಿ. ಭತ್ತಕ್ಕೆ ಹೆಕ್ಟೇರಿಗೆ ಸುಮಾರು 12,000 ಘನ ಮೀಟರ್ ಹಿಡಿದರೆ 25 ಹೆಕ್ಟೇರ್ ಬೆಳೆಯಬಹುದು. ರಾಗಿಯಂಥ ಬೆಳೆಗೆ 4,000 ಹಿಡಿದರೆ ಅದೇ ನೀರು 75 ಹೆಕ್ಟೇರಿಗೆ ಆಗುತ್ತದೆ. ಕೆರೆ ಅರ್ಧವೇ ತುಂಬಿದ ವರ್ಷ ಇಡೀ ಅಚ್ಚುಕಟ್ಟಿಗೆ ಭತ್ತ ಹಾಕಿದರೆ ಯಾರಿಗೂ ಬೆಳೆ ಕೈಗೆ ಬರದು. ಈ ಕೊರತೆ ತುಂಬಲೆಂದು ಕೋಡಿಯನ್ನು ಒಂದಡಿ ಏರಿಸುವುದು ಇನ್ನೂ ಅಪಾಯ: ಮೇಲಿನ ಹೊಲಗಳು ಮುಳುಗುತ್ತವೆ, ಕೋಡಿಗೂ ಏರಿಯ ತಲೆಗೂ ನಡುವಿನ ಅಂತರ ಅಷ್ಟೇ ಕುಗ್ಗುತ್ತದೆ. ಮಣ್ಣಿನ ಏರಿಯ ಮೇಲೆ ನೀರು ಹತ್ತಿ ಹರಿದರೆ ಅದು ಕೊಚ್ಚಿಹೋಗಲು ಹೆಚ್ಚು ಹೊತ್ತು ಬೇಡ.

ಗಡಿಯ ದೋಷ ಈಗ ರಾಜ್ಯಗಳದ್ದಲ್ಲ. ರಾಜಕಾಲುವೆ ಒಂದು ಇಲಾಖೆಯದು, ಅಂಗಳ ಇನ್ನೊಂದರದು ಆದಾಗ ಕಾಲುವೆಯ ಒತ್ತುವರಿ ಯಾರ ಕಡತಕ್ಕೂ ಬರುವುದಿಲ್ಲ. ನೀರು ಬರುವ ದಾರಿ ಮುಚ್ಚಿರುವಾಗ ಅಂಗಳ ಅಗೆದು ಫಲವಿಲ್ಲ.

ಆದ್ದರಿಂದ ಮುಂದಿನ ಅಂದಾಜುಪಟ್ಟಿಗಳಲ್ಲಿ ಇಷ್ಟನ್ನು ಕಡ್ಡಾಯ ಮಾಡಿ. ತೂಬಿನ ತಳ, ಕೋಡಿ, ಏರಿಯ ತಲೆ, ಈ ಮೂರರ ಮಟ್ಟವನ್ನು ಅಳೆದು ನಕ್ಷೆಯಲ್ಲಿ ಬರೆಯಬೇಕು. ಏರಿಯ ಎತ್ತರದ ಕನಿಷ್ಠ ಐದು ಪಟ್ಟು ದೂರದೊಳಗೆ ಅಗೆಯಕೂಡದು. ಹೂಳು ಹೊರಗೆ ಹೋದದ್ದಕ್ಕೆ ಮಾತ್ರ ಬಿಲ್ ಪಾವತಿಯಾಗಬೇಕು. ಮೊದಲ ಕಂತಿನ ಹಣ ರಾಜಕಾಲುವೆ ತೆರವಿಗೆ ಹೋಗಬೇಕು, ಪ್ರತಿ ಕೆರೆಗೂ ಸಂಬಳವಿರುವ ಒಬ್ಬ ನೀರಗಂಟಿ ಇರಬೇಕು.

ಇಂತಿ,
ಕೆರೆ ಕಾಮಗಾರಿ ಬಲ್ಲ ಅಚ್ಚುಕಟ್ಟುದಾರರು ಮತ್ತು ಎಂಜಿನಿಯರುಗಳು