ಅಂಟಿಕೊಂಡದ್ದೆಲ್ಲ ಒಂದಾಗುವುದಿಲ್ಲ

ಮಾನ್ಯ ಸಂಪಾದಕರೇ,

ಬಿಡಿ ಭಾಗಗಳು ಯಾವಾಗ ಸೇರಿ ಒಂದು ವಸ್ತುವಾಗುತ್ತವೆ ಎಂಬ ಪ್ರಶ್ನೆಗೆ ನಿಮ್ಮ ಭಾನುವಾರದ ಲೇಖನ ‘ಗಟ್ಟಿಯಾಗಿ ಅಂಟಿಕೊಂಡಾಗ’ ಎಂದು ಉತ್ತರ ಕೊಟ್ಟಿದೆ. ಈ ಉತ್ತರ ಹಳೆಯದು, ಆಕರ್ಷಕವಾದದ್ದು. ಆದರೆ ನಿಲ್ಲುವುದಿಲ್ಲ.

ದಾವಣಗೆರೆ ಎಪಿಎಂಸಿಯಲ್ಲಿ ಸುರಿದ ಮೆಕ್ಕೆಜೋಳದ ರಾಶಿಯನ್ನೇ ನೋಡಿ. ಕಾಳಿಗೆ ಕಾಳು ತಾಗಿಕೊಂಡಿದೆ, ಆದರೂ ಒಂದು ಹಿಡಿ ಎತ್ತಿದರೆ ಮಿಕ್ಕ ರಾಶಿ ಅಲ್ಲೇ ಇರುತ್ತದೆ. ಮೇಜಿನ ಒಂದು ಅಂಚು ಹಿಡಿದು ಎಳೆದರೆ ಹಲಗೆಯ ಜೊತೆ ನಾಲ್ಕೂ ಕಾಲು ಬರುತ್ತವೆ. ನ್ಯಾಯದರ್ಶನದ ಮೂಲಗ್ರಂಥವಾದ ನ್ಯಾಯಸೂತ್ರದ ಎರಡನೇ ಅಧ್ಯಾಯದಲ್ಲಿ ಇದೇ ವಾದವಿದೆ: ಒಂದು ಕಡೆ ಹಿಡಿದರೆ, ಎಳೆದರೆ ಇಡಿಯಾಗಿ ಬರುವುದರಿಂದ ಅವಯವಗಳಿಗಿಂತ, ಅಂದರೆ ಭಾಗಗಳಿಗಿಂತ, ಬೇರೆಯಾದ ಅವಯವಿ ಎಂಬ ಇಡೀ ವಸ್ತುವೊಂದು ಇದೆ. ಆ ವಾದ ಸಾಲದೆಂದು ತೋರಿಸಿದ್ದು ಅದರ ಭಾಷ್ಯಕಾರ ವಾತ್ಸ್ಯಾಯನನೇ. ಹುಲ್ಲು, ಕಲ್ಲು, ಕಟ್ಟಿಗೆಗಳನ್ನು ಅರಗಿನಿಂದ ಅಂಟಿಸಿದರೆ ಅವೂ ಒಟ್ಟಿಗೆ ಬರುತ್ತವೆ. ಹಾಗೆಂದು ಅಲ್ಲಿ ಹೊಸದೊಂದು ವಸ್ತು ಹುಟ್ಟಲಿಲ್ಲ. ಅಂದರೆ ಎಳೆತಕ್ಕೆ ಕಾರಣ ಅಂಟು, ಒಂದಾಗುವಿಕೆ ಅಲ್ಲ.

1990ರಲ್ಲಿ ಅಮೆರಿಕದ ತತ್ತ್ವಜ್ಞಾನಿ ಪೀಟರ್ ವ್ಯಾನ್ ಇನ್‌ವೇಗನ್ ಹೆಚ್ಚುಕಡಿಮೆ ಇದೇ ಮಾತು ಹೇಳಿದರು. ಇಬ್ಬರ ಕೈಗಳನ್ನು ಬಿಡಿಸಲಾಗದಂತೆ ಅಂಟಿಸಿದರೂ ಮೂರನೆಯದೊಂದು ವಸ್ತು ಬರುವುದಿಲ್ಲ. ಅವರ ಉತ್ತರ: ಭಾಗಗಳ ಚಟುವಟಿಕೆಯೆಲ್ಲ ಸೇರಿ ಒಂದು ಜೀವವನ್ನು ನಡೆಸಿದಾಗ ಮಾತ್ರ ಅವು ಒಂದು. ದೇಹಕ್ಕೆ ಇದು ಚೆನ್ನಾಗಿ ಒಪ್ಪುತ್ತದೆ. ನಮ್ಮ ಕೆಂಪು ರಕ್ತಕಣ ಸುಮಾರು 120 ದಿನ ಬದುಕಿ ನಾಶವಾಗುತ್ತದೆ, ಅದರ ಜಾಗಕ್ಕೆ ಇನ್ನೊಂದನ್ನು ದೇಹವೇ ತಯಾರಿಸುತ್ತದೆ. ಮೇಜಿನ ಕಾಲು ಮುರಿದರೆ ಬಡಗಿಯೇ ಬರಬೇಕು. ಹಾಗಾಗಿ ಅವರ ಲೆಕ್ಕದಲ್ಲಿ ಮೇಜೆಂಬುದಿಲ್ಲ, ಮೇಜಿನಂತೆ ಜೋಡಿಸಿಕೊಂಡ ಕಣಗಳಷ್ಟೇ ಇವೆ. ವಿಚಿತ್ರವೆನಿಸಿದರೂ ಅರಗಿನ ಉದಾಹರಣೆಯನ್ನು ಒಪ್ಪಿದವರು ಇದನ್ನು ಸುಲಭವಾಗಿ ತಳ್ಳಿಹಾಕಲಾಗದು.

ನಿಜವಾದ ತೊಡಕಿರುವುದು ದೇಹದಲ್ಲೇ. ನುಂಗಿದ ರಾಗಿ ಮುದ್ದೆ ಹೊಟ್ಟೆಯಲ್ಲಿರುವಾಗ ನಮ್ಮ ಭಾಗವಲ್ಲ. ಅದು ಜೀರ್ಣವಾಗಿ ಬಂದ ಸಕ್ಕರೆ ರಕ್ತ ಸೇರಿದಾಗ? ಜೀವಕೋಶದೊಳಗೆ ಹೋದಾಗ? ಇಂಥ ಕಡೆ ಗಡಿ ಮಸುಕು ಎಂದು ವ್ಯಾನ್ ಇನ್‌ವೇಗನ್ ಒಪ್ಪುತ್ತಾರೆ. ಇನ್ನೊಬ್ಬ ಅಮೆರಿಕನ್ ತತ್ತ್ವಜ್ಞಾನಿ ಡೇವಿಡ್ ಲೂಯಿಸ್ 1986ರಲ್ಲೇ ಎತ್ತಿದ್ದ ಆಕ್ಷೇಪ ತಾಗುವುದು ಇಲ್ಲಿಯೇ. ಜಗತ್ತಿನಲ್ಲಿ ಎರಡೇ ಕಣಗಳಿವೆ ಎಂದುಕೊಳ್ಳಿ. ಅವು ಸೇರಿ ಒಂದಾದರೆ ಒಟ್ಟು ವಸ್ತುಗಳು ಮೂರು, ಆಗದಿದ್ದರೆ ಎರಡು. ‘ಅರ್ಧಂಬರ್ಧ ಒಂದಾಗಿವೆ’ ಎಂದರೆ ಎಷ್ಟೆಂದು ಎಣಿಸುವುದು? ಎಣಿಕೆ ಮಸುಕಾಗಲಾರದು ಎಂದು ಲೂಯಿಸ್ ಯಾವ ಗಡಿಯನ್ನೂ ಹಾಕದೆ, ಯಾವುದೇ ವಸ್ತುಗಳು ಸೇರಿದರೂ ಒಂದು ವಸ್ತು ಎಂದುಬಿಟ್ಟರು. ಆಗ ಜೋಳದ ರಾಶಿಯೂ ಒಂದು ವಸ್ತು, ಚಿತ್ರದುರ್ಗದ ಕೋಟೆಯ ಒಂದು ಕಲ್ಲು ಮತ್ತು ನಿಮ್ಮ ಕಚೇರಿಯ ಮೇಜು ಸೇರಿದ್ದೂ ಒಂದು ವಸ್ತು. ನನಗೆ ಇದು ಮೇಜನ್ನು ಕಳೆದುಕೊಳ್ಳುವುದಕ್ಕಿಂತ ದುಬಾರಿ ಬೆಲೆ ಅನ್ನಿಸುತ್ತದೆ.

ಲೇಖನದ ಮುಂದಿನ ಕಂತಿನಲ್ಲಿ ಅಂಟಿನ ಮಾತು ಬಿಟ್ಟು ಈ ಎಣಿಕೆಯ ತೊಡಕನ್ನು ಎತ್ತಿಕೊಳ್ಳಬೇಕೆಂದು ಲೇಖಕರಲ್ಲಿ ಕೋರುತ್ತೇನೆ.

– ತತ್ತ್ವಶಾಸ್ತ್ರ ಅಧ್ಯಾಪಕ, ದಾವಣಗೆರೆ