ಮದ್ಯದ ಜೊತೆ ಗಾಂಜಾ: ಆರೋಗ್ಯ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಆರೋಗ್ಯ ಸಚಿವರಿಗೆ,

ನಮಸ್ಕಾರಗಳು. ಮದ್ಯದ ಬಗ್ಗೆ ಒಂದು ಎಚ್ಚರಿಕೆ, ಗಾಂಜಾದ ಬಗ್ಗೆ ಇನ್ನೊಂದು ಎಚ್ಚರಿಕೆ ಕೊಟ್ಟು ಸುಮ್ಮನಾಗುವ ಜಾಗೃತಿ ಕರಪತ್ರಗಳು, ಎರಡನ್ನೂ ಒಂದೇ ರಾತ್ರಿ ಸೇವಿಸಿದಾಗ ಏನಾಗುತ್ತದೆಂಬುದನ್ನು ಹೇಳದೆ ಬಿಡುವುದು ಸರಿಯಲ್ಲವೆಂದು ತಿಳಿಸಲು ಈ ಪತ್ರ ಬರೆಯುತ್ತಿದ್ದೇನೆ.

ಒಬ್ಬ ಯುವಕ ಸಂಜೆ 7 ಗಂಟೆಗೆ ಗಾಂಜಾ ಬೆರೆಸಿದ ತಿನಿಸು ತಿಂದನೆಂದುಕೊಳ್ಳಿ. ಸೇದಿದ ಗಾಂಜಾ ಕೆಲವೇ ನಿಮಿಷಗಳಲ್ಲಿ ತಲೆಗೇರುತ್ತದೆ; ತಿಂದದ್ದು ಜೀರ್ಣಾಂಗ ಮತ್ತು ಯಕೃತ್ತನ್ನು ಹಾದು ಬರಬೇಕಾದ್ದರಿಂದ ಅದರ ಪರಿಣಾಮ ಕಾಣಿಸಲು ಅರ್ಧ ಗಂಟೆಯಿಂದ 2 ಗಂಟೆ ಬೇಕು, ತುತ್ತತುದಿಗೇರಲು ಇನ್ನೂ ಹೆಚ್ಚು. 8 ಗಂಟೆಗೆ ಏನೂ ಅನ್ನಿಸದ ಅವನು ಕುಡಿಯಲು ಆರಂಭಿಸುತ್ತಾನೆ. 9ರ ಹೊತ್ತಿಗೆ ಮದ್ಯದ ಅಮಲು ಏರಿರುವಾಗಲೇ ಗಾಂಜಾದ ಅಮಲೂ ಏರತೊಡಗುತ್ತದೆ. ಈಗ ಅವನು ಲೋಟ ಕೆಳಗಿಟ್ಟರೂ ಮುಂದಿನ ಒಂದೆರಡು ಗಂಟೆ ಅಮಲು ಹೆಚ್ಚುತ್ತಲೇ ಹೋಗಬಹುದು. 8 ಗಂಟೆಯ ಅನುಭವವನ್ನು ನಂಬಿ ಅವನು ಮಾಡಿದ ಅಂದಾಜು ಇಲ್ಲಿ ಪೂರ್ತಿ ತಪ್ಪುತ್ತದೆ. ಮೊದಲು ಕುಡಿದು ಆಮೇಲೆ ಸೇದುವವರ ವಿಷಯ ಬೇರೆ: ಮದ್ಯ ದೇಹದಲ್ಲಿರುವಾಗ ಗಾಂಜಾದ ಮುಖ್ಯ ಅಮಲುಕಾರಕವಾದ ಟಿಎಚ್‌ಸಿ ರಕ್ತದಲ್ಲಿ ಇನ್ನೂ ಹೆಚ್ಚಿನ ಮಟ್ಟಕ್ಕೇರುವುದು ಪ್ರಯೋಗಗಳಲ್ಲಿ ಕಂಡಿದೆ. ಹಾಗಾಗಿ ಎಂದಿನ ಪ್ರಮಾಣವೇ ಎಂದಿನಂತೆ ಇರುವುದಿಲ್ಲ.

ವಾಕರಿಕೆಯ ವಿಷಯದಲ್ಲಿ ಜನರಿಗೆ ಹೆಚ್ಚು ಗೊಂದಲವಿದೆ. ಟಿಎಚ್‌ಸಿ ಕಡಿಮೆ ಪ್ರಮಾಣದಲ್ಲಿ ವಾಂತಿಯನ್ನು ತಡೆಯುತ್ತದೆ, ಕ್ಯಾನ್ಸರ್ ಚಿಕಿತ್ಸೆಯಲ್ಲಿ ಅದನ್ನು ಬಳಸುವುದೂ ಇದಕ್ಕೇ. ಹೆಚ್ಚಾದರೆ ಅದೇ ವಾಂತಿ ತರಿಸಬಲ್ಲದು. ಜೊತೆಗೆ ಮದ್ಯ, ಗಾಂಜಾ ಎರಡೂ ಸೇರಿ ಎದ್ದು ನಿಂತಾಗಿನ ರಕ್ತದೊತ್ತಡವನ್ನು ಇಳಿಸುತ್ತವೆ. ಮುಖ ಬಿಳಿಚಿ, ತಣ್ಣನೆ ಬೆವರಿ, ಕೋಣೆಯೇ ತಿರುಗಿದಂತಾಗಿ ಕುಸಿಯುವುದು ಹೀಗೆ. ಅಂಥವರನ್ನು ಸ್ನೇಹಿತರು ಅಂಗಾತ ಮಲಗಿಸಿ ಹೋಗುವುದೇ ನಿಜವಾದ ಅಪಾಯ, ಏಕೆಂದರೆ ಅರೆಪ್ರಜ್ಞೆಯಲ್ಲಿ ವಾಂತಿ ಶ್ವಾಸಕೋಶ ಸೇರಬಹುದು. “ಗಾಂಜಾ ಅಷ್ಟೇ, ನಿದ್ದೆ ಮಾಡಿದರೆ ಸರಿಹೋಗುತ್ತದೆ” ಎನ್ನುವ ಮಾತು ಉಸಿರನ್ನು ಕುಗ್ಗಿಸುವ ಮದ್ಯವನ್ನು ಮರೆಸುತ್ತದೆ.

ವಾಹನ ಚಲಾಯಿಸುವವರಲ್ಲಿ ಗಾಂಜಾ ಮಾತ್ರ ಸೇವಿಸಿದವರು ಸಾಮಾನ್ಯವಾಗಿ ವೇಗ ತಗ್ಗಿಸುತ್ತಾರೆ. ಮದ್ಯ ಆ ಜಾಗ್ರತೆಯನ್ನೇ ಕಿತ್ತುಕೊಳ್ಳುತ್ತದೆ. ವಾಹನ ತನ್ನ ಪಥದಲ್ಲಿ ಓಲಾಡುವುದು ಎರಡೂ ಸೇರಿದಾಗ ಹೆಚ್ಚುತ್ತದೆ. ಉಸಿರಾಟದ ಆಲ್ಕೋಹಾಲ್ ಪರೀಕ್ಷೆ ಮದ್ಯವನ್ನಷ್ಟೇ ಅಳೆಯುವುದರಿಂದ ಮಿತಿಯೊಳಗಿನ ಅಂಕಿ ತೋರಿಸಿದವನೂ ನೆಟ್ಟಗೆ ನಡೆಯಲಾಗದ ಸ್ಥಿತಿಯಲ್ಲಿರಬಹುದು.

ಆದ್ದರಿಂದ ತಮ್ಮಲ್ಲಿ ಎರಡು ಮನವಿಗಳಿವೆ. ತಿಂದ ಗಾಂಜಾ ತಡವಾಗಿ ಏರುತ್ತದೆಂಬುದನ್ನೂ, ಕುಸಿದವರನ್ನು ಪಕ್ಕಕ್ಕೆ ತಿರುಗಿಸಿ ಮಲಗಿಸಿ ಜೊತೆಗೇ ಇರಬೇಕೆಂಬುದನ್ನೂ, ಎಬ್ಬಿಸಿದರೂ ಏಳದಿದ್ದರೆ, ಉಸಿರು ನಿಧಾನವಾದರೆ ಇಲ್ಲವೇ ತುಟಿ ನೀಲಿಯಾದರೆ ತಕ್ಷಣ ಆಂಬುಲೆನ್ಸ್ ಕರೆಯಬೇಕೆಂಬುದನ್ನೂ ಇಲಾಖೆಯ ಕರಪತ್ರಗಳಲ್ಲಿ ಸೇರಿಸಿ. ಸಂಚಾರ ಪೊಲೀಸರು ಉಸಿರಿನ ಅಂಕಿಯ ಜೊತೆಗೆ ನಡಿಗೆ, ಸಮತೋಲನಗಳನ್ನೂ ಪರೀಕ್ಷಿಸುವಂತೆ ಗೃಹ ಇಲಾಖೆಯೊಂದಿಗೆ ಮಾತನಾಡಿ.

ತಮ್ಮ ವಿಶ್ವಾಸಿ,
ಒಬ್ಬ ನಾಗರಿಕ