ಅಳಿವೆ ದಾಟದ ದೋಣಿ: ಆ ರಾತ್ರಿ ಜೊತೆಗಿದ್ದವರಿಗೆ

72 ಗಂಟೆಗಳೊಳಗೆ ಆಟವೊಂದನ್ನು ಕಟ್ಟಿ ಮುಗಿಸಬೇಕಾದ ಗೇಮ್ ಜಾಮ್‌ಗಾಗಿ ನಾನು ಮಾಡಿದ ‘ಅಳಿವೆ’ ಎಂಬ ಪುಟ್ಟ ಆಟವು ಸೋಮವಾರ ಬೆಳಿಗ್ಗೆ ಗಡುವಿಗೆ ಇಪ್ಪತ್ತು ನಿಮಿಷ ಇರುವಾಗ ಸಲ್ಲಿಕೆಯಾಯಿತು. ಆಡಿ ನೋಡಿದ ಅನೇಕರು ನನ್ನನ್ನು ಅಭಿನಂದಿಸಿದ್ದೀರಿ. ಆದರೆ ಭಾನುವಾರ ರಾತ್ರಿ ಹನ್ನೊಂದು ಗಂಟೆಯವರೆಗೂ ಅದು ಸಲ್ಲಿಸುವ ಸ್ಥಿತಿಯಲ್ಲಿರಲಿಲ್ಲ. ಅನಂತರದ ಏಳು ಗಂಟೆಗಳಲ್ಲಿ ನನ್ನ ಜೊತೆಗಿದ್ದ ಮೂವರಿಗೆ ಎಲ್ಲರೆದುರು ಧನ್ಯವಾದ ಹೇಳಬೇಕೆಂದು ಇದನ್ನು ಬರೆಯುತ್ತಿದ್ದೇನೆ.

ಸ್ವರ್ಣಾ ಮತ್ತು ಸೀತಾ ನದಿಗಳು ಜೊತೆಯಾಗಿ ಸಮುದ್ರ ಸೇರುವ ಕೋಡಿ ಬೆಂಗ್ರೆಯ ಅಳಿವೆಯನ್ನು ನೋಡಿದವರಿಗೆ ಆಟದ ಸಂಗತಿ ಕೂಡಲೇ ಅರ್ಥವಾಗುತ್ತದೆ. ಇಳಿತದ ಹೊತ್ತಿನಲ್ಲಿ ನದಿಯ ನೀರು ಕಡಲಿನತ್ತ ರಭಸದಿಂದ ಹೊರಡುವಾಗ, ಮೀನು ಹಿಡಿದು ಬಂದ ನಾಡದೋಣಿಯೊಂದು ಆ ಸೆಳೆತಕ್ಕೆ ಎದುರಾಗಿ ಒಳಗೆ ಬರಬೇಕು. ಆಡುವವರು ಎಂಜಿನ್‌ನ ಬಲವನ್ನೂ ದಿಕ್ಕನ್ನೂ ನೋಡಿಕೊಳ್ಳಬೇಕು. ಆಟ ಕಟ್ಟುವ ಗೊಡೋ ತಂತ್ರಾಂಶದಲ್ಲಿ ಮಾಡಿದ ಈ ಆಟ ಬ್ರೌಸರ್‌ನಲ್ಲೇ ನಡೆಯುತ್ತದೆ. ಮಲ್ಪೆಯ ನಮ್ಮ ಮನೆಯಲ್ಲಿ, ನನ್ನ ಹಳೆಯ ಲ್ಯಾಪ್‌ಟಾಪ್‌ನಲ್ಲಿ, ದೋಣಿಯು ಪ್ರತಿ ಸಲವೂ ಅಳಿವೆ ದಾಟುತ್ತಿತ್ತು.

ಹನ್ನೊಂದಕ್ಕೆ ಮಣಿಪಾಲದ ಗೆಳೆಯ ಫೋನ್ ಮಾಡಿದ. “ದೋಣಿ ಮುಂದೆ ಹೋಗುವುದೇ ಇಲ್ಲ ಮಾರಾಯ. ಎಂಜಿನ್ ಪೂರ್ತಿ ಕೊಟ್ಟರೂ ಹಿಂದೆ ಬರ್ತಾ ಉಂಟು,” ಎಂದ. ಮೊದಲು ನಾನು ಮರಳದಿಬ್ಬವನ್ನು ಸಂಶಯಿಸಿದೆ: ದೋಣಿಯ ಡಿಕ್ಕಿಯನ್ನು ಗುರುತಿಸುವ ಗಡಿ ಅದಕ್ಕೆ ಸಿಕ್ಕಿಕೊಂಡಿರಬಹುದೆಂದು ದಿಬ್ಬವನ್ನೇ ತೆಗೆದು ಹೊಸ ಆವೃತ್ತಿ ಕಳುಹಿಸಿದೆ. ಬದಲಾವಣೆಯಾಗಲಿಲ್ಲ. ಅವನ ಬ್ರೌಸರ್ ಹಳೆಯ ಆವೃತ್ತಿಯನ್ನೇ ಹಿಡಿದಿಟ್ಟುಕೊಂಡಿರಬಹುದೆಂದು ಪರದೆಯ ಮೂಲೆಯಲ್ಲಿ ಆವೃತ್ತಿಯ ಸಂಖ್ಯೆ ಬರುವಂತೆ ಮಾಡಿದೆ. ಅವನು ಓದಿ ಹೇಳಿದ ಸಂಖ್ಯೆ ಸರಿಯಾಗಿಯೇ ಇತ್ತು. ಕೀಲಿಮಣೆಯ ದೋಷವೂ ಅಲ್ಲವೆಂದು ತಿಳಿಯುವಷ್ಟರಲ್ಲಿ ಒಂದೂವರೆ ಗಂಟೆಯಾಗಿತ್ತು. ಅಷ್ಟು ಹೊತ್ತಿನಲ್ಲಿ ಆ ಗೆಳೆಯ ಒಂಬತ್ತು ಸಲ ಆಟವನ್ನು ಮತ್ತೆ ತೆರೆದು, ಪ್ರತಿ ಸಲ ಕಂಡದ್ದನ್ನು ಕಂಡ ಹಾಗೆ ಹೇಳಿದ. ಮರುದಿನ ಎಂಟಕ್ಕೆ ಅವನಿಗೆ ಕೆಲಸವಿತ್ತು.

ದಾರಿ ತೋರಿಸಿದವಳು ನನ್ನ ಅಕ್ಕ. ಅವಳು ರಕ್ತಪರೀಕ್ಷೆಯ ಲ್ಯಾಬ್‌ನಲ್ಲಿ ಕೆಲಸ ಮಾಡುವವಳು. ಪ್ರೋಗ್ರಾಮಿಂಗ್ ಅವಳ ವಿಷಯವಲ್ಲ. ನೀರು ಕುಡಿಯಲು ಎದ್ದು ಬಂದವಳು ನನ್ನ ಪಕ್ಕದಲ್ಲಿ ಕುಳಿತು, “ಒಂದೇ ಸಲ ನಾಲ್ಕು ಬದಲಾಯಿಸಿದರೆ ಯಾವುದರಿಂದ ಏನಾಯಿತೆಂದು ಹೇಗೆ ಗೊತ್ತಾಗ್ತದೆ? ಸೆಳೆತ ತೆಗೆದುಹಾಕು, ಬರೀ ದೋಣಿಯ ವೇಗ ಅಳೆಯುವ,” ಎಂದಳು. ನೀರಿನ ಸೆಳೆತವನ್ನು ಸೊನ್ನೆ ಮಾಡಿ, 980 ಪಿಕ್ಸೆಲ್ ಅಂತರದಲ್ಲಿ ಎರಡು ಕಂಬಗಳನ್ನು ನಿಲ್ಲಿಸಿದೆ. ದೋಣಿ ಪೂರ್ತಿ ವೇಗ ಪಡೆದ ಮೇಲೆ ಮೊದಲ ಕಂಬದಿಂದ ಎರಡನೆಯದಕ್ಕೆ ಎಷ್ಟು ಹೊತ್ತು ತೆಗೆದುಕೊಳ್ಳುತ್ತದೆಂದು ಅಕ್ಕ ಇಲ್ಲಿ, ಗೆಳೆಯ ಅಲ್ಲಿ, ಮೂರು ಮೂರು ಸಲ ಅಳೆದರು. ನಮ್ಮ ಮನೆಯಲ್ಲಿ ಸುಮಾರು 4 ಸೆಕೆಂಡು, ಮಣಿಪಾಲದಲ್ಲಿ ಸುಮಾರು 9.6 ಸೆಕೆಂಡು. ಅಕ್ಕ ಭಾಗಿಸಿ 2.4 ಎಂದು ಕಾಗದದಲ್ಲಿ ಬರೆದಳು.

ಆ ಸಂಖ್ಯೆಯನ್ನು ನೋಡುತ್ತಿದ್ದಾಗಲೇ ಗೆಳೆಯನ ಪರದೆ ಎಷ್ಟು ಹರ್ಟ್ಸ್‌ನದು, ಅಂದರೆ ಸೆಕೆಂಡಿಗೆ ಎಷ್ಟು ಸಲ ಚಿತ್ರ ಬದಲಿಸುತ್ತದೆ ಎಂದು ಕೇಳಬೇಕೆನಿಸಿತು. ಅವನದು ಆಟಗಳಿಗೆಂದೇ ಕೊಂಡ ಲ್ಯಾಪ್‌ಟಾಪ್: 144. ನನ್ನದು 60. ಭಾಗಿಸಿದರೆ ಸರಿಯಾಗಿ 2.4. ಬ್ರೌಸರ್‌ನಲ್ಲಿ ಆಟದ ಫ್ರೇಮ್‌ಗಳು ಸಾಮಾನ್ಯವಾಗಿ ಪರದೆಯ ಗತಿಯನ್ನೇ ಅನುಸರಿಸುತ್ತವೆ. ನನ್ನ ದೋಣಿಯ ವೇಗವು ಆ ಫ್ರೇಮ್‌ಗಳ ಎಣಿಕೆಗೆ ಎಲ್ಲೋ ಗಂಟುಬಿದ್ದಿತ್ತು. ನಾನು ಅದುವರೆಗೆ ಹತ್ತಾರು ಸಲ ಓದಿ ಸರಿಯೆಂದು ಬಿಟ್ಟಿದ್ದ ಸಾಲುಗಳು ಇವು:

```gdscript
velocity += thrust * delta
velocity *= 0.98
position += (velocity - current) * delta
```

`delta` ಎಂದರೆ ಹಿಂದಿನ ಫ್ರೇಮ್‌ನಿಂದ ಈಚೆಗೆ ಕಳೆದ ಸಮಯ. ಮೊದಲ ಮತ್ತು ಕೊನೆಯ ಸಾಲುಗಳಲ್ಲಿ ಅದು ಇದ್ದುದರಿಂದ ಎಲ್ಲವೂ ಸಮಯಕ್ಕೆ ತಕ್ಕಂತೆ ನಡೆಯುತ್ತಿದೆಯೆಂದು ನಂಬಿದ್ದೆ. ನೀರಿನ ಎಳೆತವನ್ನು ತೋರಿಸುವ ನಡುವಿನ ಸಾಲು ಮಾತ್ರ ಪ್ರತಿ ಫ್ರೇಮ್‌ಗೂ ವೇಗದ ನೂರರಲ್ಲಿ ಎರಡು ಭಾಗವನ್ನು ಕಳೆಯುತ್ತಿತ್ತು. ಎಂಜಿನ್ ನಿಲ್ಲಿಸಿದ ದೋಣಿಯಲ್ಲಿ ಒಂದು ಸೆಕೆಂಡಿನ ಅನಂತರ ನನ್ನ ಪರದೆಯಲ್ಲಿ ಮೊದಲ ವೇಗದ ಶೇಕಡಾ 30ರಷ್ಟು ಉಳಿದರೆ, 144 ಸಲ ಕಳೆಯುವ ಗೆಳೆಯನ ಪರದೆಯಲ್ಲಿ ಉಳಿಯುವುದು ಶೇಕಡಾ 5ರಷ್ಟು. ಎಂಜಿನ್‌ನ ಬಲವನ್ನು ನಾನು ಸೆಕೆಂಡಿಗೆ 300 ಎಂದು ಇಟ್ಟಿದ್ದೆ. ಅದಕ್ಕೆ ನನ್ನಲ್ಲಿ ದೋಣಿಯ ಗರಿಷ್ಠ ವೇಗ ಸೆಕೆಂಡಿಗೆ 245 ಪಿಕ್ಸೆಲ್, ಅವನಲ್ಲಿ 102. ನದಿಯ ಸೆಳೆತ 120. ಅವನ ದೋಣಿ ಹಿಂದೆ ಹೋಗದೆ ಬೇರೆ ದಾರಿಯೇ ಇರಲಿಲ್ಲ.

ಇಲ್ಲಿ ಬೈಂದೂರಿನ ಚಿಕ್ಕಮ್ಮನ ಮಗನ ಮಾತು ಬರಬೇಕು. ಸಂಜೆಯೇ ಅವನು, “ಅಣ್ಣ, ನನ್ನ ಮೊಬೈಲಲ್ಲಿ ದೋಣಿ ಹಾರಿಕೊಂಡು ಹೋಗ್ತದೆ,” ಎಂದು ಧ್ವನಿ ಸಂದೇಶ ಕಳುಹಿಸಿದ್ದ. ಅದು ಬೇರೆಯೇ ತೊಂದರೆಯೆಂದು ನಾನು ಬದಿಗಿಟ್ಟಿದ್ದೆ. ಅವನ ಹಳೆಯ ಮೊಬೈಲ್ ಸೆಕೆಂಡಿಗೆ 30 ಫ್ರೇಮ್‌ಗಳನ್ನಷ್ಟೇ ತೋರಿಸುತ್ತಿತ್ತು. ಅದೇ ಲೆಕ್ಕದಲ್ಲಿ ಅಲ್ಲಿ ವೇಗ 490. ಒಂದೇ ದೋಷದ ಎರಡು ತುದಿಗಳು ಒಂದೇ ರಾತ್ರಿ ನನ್ನ ಕೈಗೆ ಬಂದಿದ್ದವು. ಎರಡನ್ನೂ ಅಕ್ಕಪಕ್ಕ ಇಟ್ಟಿದ್ದರೆ ಮಧ್ಯರಾತ್ರಿಗೆ ಮೊದಲೇ ಮಲಗಬಹುದಿತ್ತು. ತಮ್ಮಾ, ನಿನ್ನ ಸಂದೇಶಕ್ಕೆ ಆಗ ಸರಿಯಾಗಿ ಉತ್ತರಿಸದಿದ್ದಕ್ಕೆ ಕ್ಷಮೆ ಇರಲಿ.

ಇಂಥ ಲೆಕ್ಕಕ್ಕೆ ಸರಿಯಾದ ಜಾಗ `_physics_process`. ಪರದೆ ಯಾವುದೇ ಇರಲಿ, ನಾವಾಗಿ ಬದಲಾಯಿಸದಿದ್ದರೆ ಗೊಡೋ ಅದನ್ನು ಸೆಕೆಂಡಿಗೆ 60 ಸಲ ನಡೆಸುತ್ತದೆ. ಆದರೆ ಅಲೆಗಳು, ಕ್ಯಾಮೆರಾ, ದೋಣಿ ಎಲ್ಲವನ್ನೂ ನಾನು ಪ್ರತಿ ಫ್ರೇಮ್‌ಗೂ ನಡೆಯುವ `_process`ನಲ್ಲಿ ಒಂದಕ್ಕೊಂದು ಹೆಣೆದಿದ್ದೆ, ಮತ್ತು ಆಗ ಬೆಳಗಿನ ಜಾವ ಮೂರು ಗಂಟೆ. ಬಿಚ್ಚಿ ಮತ್ತೆ ಹೆಣೆಯುವ ಧೈರ್ಯ ಮಾಡದೆ, ನಡುವಿನ ಸಾಲನ್ನಷ್ಟೇ ಬದಲಾಯಿಸಿದೆ:

```gdscript
velocity *= pow(0.98, delta * 60.0)
```

ಫ್ರೇಮ್ ಚಿಕ್ಕದಾದಷ್ಟೂ ಕಳೆಯುವ ಪಾಲು ಚಿಕ್ಕದಾಗುತ್ತದೆ. ಒಂದು ಸೆಕೆಂಡಿನಲ್ಲಿ ಒಟ್ಟು ಕಳೆಯುವುದು ಎಲ್ಲೆಡೆ ಒಂದೇ. ನಂಬುವ ಮೊದಲು ಈ ಸಲ ಅಳೆದೆವು. ಲ್ಯಾಪ್‌ಟಾಪ್‌ನಲ್ಲಿ ಫ್ರೇಮ್‌ಗಳನ್ನು ಪರದೆಯ ಗತಿಗೆ ಕಟ್ಟುವ ವಿ-ಸಿಂಕ್ ನಿಲ್ಲಿಸಿ, ಸೆಕೆಂಡಿಗೆ ಫ್ರೇಮ್‌ಗಳ ಮಿತಿಯಾದ `Engine.max_fps` ಅನ್ನು ಮೊದಲು 30, ಆಮೇಲೆ 60, ಕೊನೆಗೆ 144 ಮಾಡಿ ಗರಿಷ್ಠ ವೇಗವನ್ನು ಪರದೆಯ ಮೇಲೆ ಬರೆಸಿದಾಗ 242, 245, 246ರ ಆಸುಪಾಸು ಬಂತು. ಅಲ್ಪ ವ್ಯತ್ಯಾಸ ಉಳಿದಿದೆ, ಏಕೆಂದರೆ ಬಲ ಕೂಡುವುದೂ ಎಳೆತ ಕಳೆಯುವುದೂ ಇನ್ನೂ ಫ್ರೇಮ್ ಫ್ರೇಮ್‌ಗೆ ಒಂದರ ಹಿಂದೆ ಒಂದು ನಡೆಯುತ್ತವೆ. ಆಡುವವರ ಕಣ್ಣಿಗೆ ಅದು ಕಾಣುವುದಿಲ್ಲ. ಕ್ಯಾಮೆರಾ ದೋಣಿಯನ್ನು ಹಿಂಬಾಲಿಸುವ ಸಾಲಿನಲ್ಲೂ ಇದೇ ತಪ್ಪಿತ್ತು, ಅದನ್ನೂ ತಿದ್ದಿದೆ.

ನಾಲ್ಕೂವರೆಗೆ ಹೊಸ ಆವೃತ್ತಿಯನ್ನು ಮಣಿಪಾಲಕ್ಕೂ ಬೈಂದೂರಿಗೂ ಕಳುಹಿಸಿದೆ. ಗೆಳೆಯ ಎದ್ದೇ ಇದ್ದ. ಫೋನ್ ಕಡಿಯದೆ ಆಡುತ್ತಾ, ಮಾತನ್ನೆಲ್ಲ ನಿಲ್ಲಿಸಿ, ಕೊನೆಗೆ “ಒಳಗೆ ಬಂತು,” ಎಂದಷ್ಟೇ ಹೇಳಿದ. ಮರಳದಿಬ್ಬವನ್ನು ಮತ್ತೆ ಅದರ ಜಾಗದಲ್ಲಿಟ್ಟು, ತಮ್ಮ ಎದ್ದು ಆಡಿ “ಈಗ ಹಾರುವುದಿಲ್ಲ ಅಣ್ಣ,” ಎನ್ನುವವರೆಗೆ ಕಾದು, 6.10ಕ್ಕೆ ಆಟವನ್ನು ಸಲ್ಲಿಸಿದೆ.

ಅಕ್ಕ 2.4 ಎಂದು ಬರೆದ ಕಾಗದ ನನ್ನ ಮೇಜಿನ ಮೇಲೆ ಇದೆ. ಭಾನುವಾರ ರಾತ್ರಿಗೆ ಮೊದಲು ಆಡಿ, ದೋಣಿ ದಾಟದೆ ಬಿಟ್ಟವರು ಯಾರಾದರೂ ಇದನ್ನು ಓದುತ್ತಿದ್ದರೆ, ದಯವಿಟ್ಟು ಇನ್ನೊಮ್ಮೆ ಆಡಿ. ತಪ್ಪು ನಿಮ್ಮ ಕೈಯದಾಗಿರಲಿಲ್ಲ.